ಐದು ಸ್ಟಾರಿನ ಮಷಿನ್ ಬಂತು, ಬಿಲ್ಲು 203 ಯೂನಿಟ್ ಆಯಿತು

ಡಿಸೆಂಬರ್ ತಿಂಗಳ ಕರೆಂಟ್ ಬಿಲ್ಲು ಕೈಗೆ ಬಂದ ದಿನವೇ ವಿಜಯಪುರದಿಂದ ವೈನಿ ಫೋನ್ ಮಾಡಿದರು. "ಫೈವ್ ಸ್ಟಾರ್ ಮಷಿನ್ ತಗೊಂಡ್ರ ಕರೆಂಟ್ ಉಳಿತದ ಅಂತ ಅಂಗಡ್ಯಾಗ ಹೇಳಿದ್ರು ತಮ್ಮಾ. ಹೋದ ವರ್ಷ ಇದೇ ತಿಂಗಳಾಗ ನೂರಾ ಎಂಬತ್ತು ರೂಪಾಯಿ ಕಟ್ಟಿದ್ವಿ. ಈ ಸಲ ಹದಿನೇಳು ನೂರು ಬಂದದ. ಮೀಟರ್ ಕೆಟ್ಟದೇನ?"

ನಾನು ಬಾಗಲಕೋಟೆಯಲ್ಲಿ ಬಟ್ಟೆ ಒಗೆಯುವ ಮಷಿನ್ ರಿಪೇರಿ ಮಾಡುವವನು. ಈ ಪ್ರಶ್ನೆಯನ್ನು ಗಿರಾಕಿಗಳ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ಆದರೆ ಯಾರ ಮನೆಯಲ್ಲೂ ಕೂತು ಪೂರ್ತಿ ಲೆಕ್ಕ ಹಾಕಲು ಪುರುಸೊತ್ತು ಸಿಕ್ಕಿರಲಿಲ್ಲ. ಈ ಸಲ ಅಣ್ಣನ ಮನೆಯದೇ ಪ್ರಶ್ನೆ. ಭಾನುವಾರ ಬೆಳಿಗ್ಗೆ ಬಸ್ ಹತ್ತಿದೆ. ಅಲ್ಲಿ ಎರಡು ದಿನ ಇದ್ದು ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಮೀಟರ್ ಸರಿ ಇತ್ತು. ಮಷಿನ್ ಕೂಡ ಸರಿ ಇತ್ತು. ಮಷಿನ್ ಮೇಲಿನ ಸ್ಟಾರ್ ಕೂಡ ಸುಳ್ಳಲ್ಲ. ಆದರೆ ಆ ಸ್ಟಾರ್ ಉತ್ತರ ಕೊಡುವ ಪ್ರಶ್ನೆಯೇ ಬೇರೆ, ವೈನಿ ಕೇಳುತ್ತಿದ್ದ ಪ್ರಶ್ನೆಯೇ ಬೇರೆ.

ಸ್ಟಾರ್ ಲೇಬಲ್ ಕೊಡುವುದು ಕೇಂದ್ರ ಸರ್ಕಾರದ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ. ಈ ಲೇಬಲ್ ಪದ್ಧತಿ 2006ರಲ್ಲಿ ಶುರುವಾಯಿತು. ಫ್ರಿಜ್ ಲೇಬಲ್ ನೋಡಿದರೆ ಅದರಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದು ನೇರವಾಗಿ ಬರೆದಿರುತ್ತದೆ. ಫ್ರಿಜ್ ದಿನವಿಡೀ ಓಡುವ ವಸ್ತು. ಅದನ್ನು ಯಾರ ಮನೆಯಲ್ಲಿಟ್ಟರೂ ಖರ್ಚು ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ. ಬಟ್ಟೆ ಮಷಿನ್‌ಗೆ ಹಾಗೆ ಬರೆಯಲು ಆಗುವುದಿಲ್ಲ. ಒಬ್ಬರು ವಾರಕ್ಕೆರಡು ಸಲ ಒಗೆಯುತ್ತಾರೆ, ಇನ್ನೊಬ್ಬರು ದಿನವೂ ಒಗೆಯುತ್ತಾರೆ. ಅದಕ್ಕೇ ಅದರ ಲೇಬಲ್‌ನಲ್ಲಿ ಒಂದು ಕಿಲೋ ಬಟ್ಟೆಗೆ, ಒಂದು ಸಲದ ಒಗೆತಕ್ಕೆ ಎಷ್ಟು ಯೂನಿಟ್ ಎಂದು ಇರುತ್ತದೆ. ಅದರ ಜೊತೆಗೆ ಒಂದು ಕಿಲೋ ಬಟ್ಟೆಗೆ ಎಷ್ಟು ಲೀಟರ್ ನೀರು ಎಂಬುದೂ ಇರುತ್ತದೆ. ಈ ಎರಡನೇ ಸಂಖ್ಯೆಯನ್ನು ಯಾರೂ ಓದುವುದಿಲ್ಲ. ನಮ್ಮ ಕಡೆ ಅದೇ ಮುಖ್ಯ, ಅದಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿ ಎರಡು ವಿಷಯ ತಿಳಿದಿರಬೇಕು. ಒಂದು, ಆ ಸಂಖ್ಯೆ ಬರುವುದು ಮಷಿನ್ ತುಂಬ ಬಟ್ಟೆ ಹಾಕಿದಾಗ. 8 ಕಿಲೋ ಮಷಿನ್ ಅಂದರೆ 8 ಕಿಲೋ ಬಟ್ಟೆಗೆ. ಇನ್ನೊಂದು, ಸ್ಟಾರ್ ಹೋಲಿಸುವುದು ಒಂದೇ ಜಾತಿಯ ಮಷಿನ್‌ಗಳನ್ನು. ಫ್ರಂಟ್ ಲೋಡ್‌ಗಳ ಪಂಕ್ತಿ ಬೇರೆ, ಟಾಪ್ ಲೋಡ್‌ಗಳ ಪಂಕ್ತಿ ಬೇರೆ. ಒಳಗೆ ಹೀಟರ್ ಇಲ್ಲದ ಟಾಪ್ ಲೋಡ್ ಲೇಬಲ್‌ನಲ್ಲಿ ಕಿಲೋಗೆ 0.01 ಯೂನಿಟ್ ಆಸುಪಾಸಿನ ಸಂಖ್ಯೆ ಕಾಣುತ್ತದೆ. ಹೀಟರ್ ಇರುವ ಫ್ರಂಟ್ ಲೋಡ್ ಲೇಬಲ್‌ನಲ್ಲಿ 0.06ರ ಆಸುಪಾಸು ಇರುತ್ತದೆ. ಎರಡರ ಮೇಲೂ ಐದೈದು ಸ್ಟಾರ್ ಇರಬಹುದು. ಸ್ಟಾರ್ ಅಷ್ಟೇ ನೋಡಿದರೆ ಎರಡೂ ಒಂದೇ ಅನಿಸುತ್ತದೆ, ಅಲ್ವಾ? ಸಂಖ್ಯೆ ನೋಡಿದರೆ ಐದಾರು ಪಟ್ಟು ಫರಕು.

ಆ ಫರಕು ಮೋಟಾರಿನಿಂದ ಬಂದದ್ದಲ್ಲ. ಫ್ರಂಟ್ ಲೋಡ್ ಮೋಟಾರ್ ತುಂಬಾ ಕಡಿಮೆ ಕರೆಂಟ್ ತಿನ್ನುತ್ತದೆ. ಫರಕು ಬರುವುದು ನೀರು ಕಾಯಿಸುವುದರಿಂದ.

ಅಣ್ಣನ ಮನೆ ವಿಷಯಕ್ಕೆ ಬರೋಣ. ಮನೆಯಲ್ಲಿ ಅಣ್ಣ, ವೈನಿ, ಇಬ್ಬರು ಮಕ್ಕಳು, ನಮ್ಮ ಅವ್ವ, ಒಟ್ಟು ಐದು ಮಂದಿ. ಮೊದಲು 7 ಕಿಲೋದ ಸೆಮಿ ಆಟೋಮ್ಯಾಟಿಕ್ ಇತ್ತು. ದೀಪಾವಳಿಗೆ 8 ಕಿಲೋದ ಫ್ರಂಟ್ ಲೋಡ್ ತಂದರು. ಐದು ಸ್ಟಾರ್, ಲೇಬಲ್‌ನಲ್ಲಿ ಕಿಲೋಗೆ 0.06. ಅಂದರೆ ತುಂಬಿದ ಮಷಿನ್ ಒಂದು ಸಲ ಓಡಿದರೆ 0.48 ಯೂನಿಟ್, ಸುಮಾರು ಅರ್ಧ ಯೂನಿಟ್.

ಇದನ್ನು ಮೀಟರ್‌ನಲ್ಲೇ ನೋಡಬೇಕು ಅಂತ ನನಗೆ ಆಸೆ. ಅದಕ್ಕೆ ಬೇರೆ ಉಪಕರಣ ಬೇಕಿಲ್ಲ. ಮನೆ ಮುಂದಿನ ಎಲೆಕ್ಟ್ರಾನಿಕ್ ಮೀಟರ್‌ನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ, ಗಮನಿಸಿರಬಹುದು. ಅದರ ಪಕ್ಕದಲ್ಲೇ 3200 imp/kWh ಎಂದೋ 1600 imp/kWh ಎಂದೋ ಬರೆದಿರುತ್ತದೆ. ಆ ದೀಪ ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಆಯಿತು ಎಂದರ್ಥ. ಅಣ್ಣನ ಮನೆಯದು 3200. ಫ್ರಿಜ್, ಫ್ಯಾನು, ಟಿವಿ, ಎಲ್ಲ ಬಂದ್ ಮಾಡಿ ಮಷಿನ್ ಒಂದನ್ನೇ ಚಾಲು ಇಟ್ಟೆವು. ನಾನು ಮೀಟರ್ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಅಣ್ಣನ ಮಗ ಮೊಬೈಲ್‌ನಲ್ಲಿ ಸೆಕೆಂಡ್ ನೋಡುತ್ತಿದ್ದ.

ಮಷಿನ್ ನೀರು ತುಂಬಿಸಿಕೊಂಡು ಡ್ರಮ್ ತಿರುಗಿಸಲು ಶುರು ಮಾಡಿತು. ನಿಮಿಷಕ್ಕೆ ಎಂಟೋ ಒಂಬತ್ತೋ ಸಲ ದೀಪ ಮಿಣುಕಿತು. ನಿಮಿಷಕ್ಕೆ ಎಂಟು ಅಂದರೆ ಗಂಟೆಗೆ 480, ಅದನ್ನು 3200ರಿಂದ ಭಾಗಿಸಿದರೆ 0.15. ಅಂದರೆ ಮಷಿನ್ ಆಗ 150 ವಾಟ್ ತಿನ್ನುತ್ತಿತ್ತು. ಎರಡು ಫ್ಯಾನಿನಷ್ಟು. ಐದು ನಿಮಿಷ ಹೀಗೇ ನಡೆಯಿತು. ಆಮೇಲೆ ಒಮ್ಮೆಲೇ ದೀಪ ಹುಚ್ಚು ಹಿಡಿದಂತೆ ಮಿಣುಕತೊಡಗಿತು. ಎಣಿಸಲು ಆಗಲಿಲ್ಲ. ಹುಡುಗ ಮೊಬೈಲ್‌ನಲ್ಲಿ ವಿಡಿಯೋ ಹಿಡಿದು ನಿಧಾನಕ್ಕೆ ಓಡಿಸಿ ಎಣಿಸಿದ. ಅರ್ಧ ನಿಮಿಷಕ್ಕೆ 57. ಅಂದರೆ 2,100 ವಾಟ್ ಹತ್ತಿರ. ಹೀಟರ್ ಹತ್ತಿತ್ತು.

ಮಷಿನ್ ಮುಂದಿನ ಫಲಕ ನೋಡಿದೆ. ಕಾಟನ್, 60 ಡಿಗ್ರಿ.

"ವೈನಿ, ಇದು 60 ಯಾರ ಇಟ್ಟದ್ದು?" ಎಂದೆ.

"ಯಾರೂ ಇಟ್ಟಿಲ್ಲ. ಕಾಟನ್ ಒತ್ತಿದ್ರ ಅದ ಬರ್ತದ. ನಾ ಸುಮ್ನ ಸ್ಟಾರ್ಟ್ ಒತ್ತತೀನಿ."

ಇದೇ ಗಂಟು. ಎಷ್ಟೋ ಫ್ರಂಟ್ ಲೋಡ್‌ಗಳಲ್ಲಿ ಕಾಟನ್ ಎಂದು ತಿರುಗಿಸಿದ ಕೂಡಲೇ ಉಷ್ಣತೆ 40 ಅಥವಾ 60ಕ್ಕೆ ತಾನಾಗಿಯೇ ನಿಲ್ಲುತ್ತದೆ. ತಣ್ಣೀರು ಬೇಕಿದ್ದರೆ ನಾವೇ ಬೇರೆ ಬಟನ್ ಒತ್ತಿ ಇಳಿಸಬೇಕು. ಮಷಿನ್ ಕೂಡಿಸಲು ಬಂದವರು ಇದನ್ನು ಹೇಳಿರಲಿಲ್ಲ. ವೈನಿ ದಿನವೂ ಬೆಳಿಗ್ಗೆ ಮಕ್ಕಳ ಯೂನಿಫಾರ್ಮ್, ಟಾವೆಲ್ಲು, ನೈಟಿ, ಅಂಗಿ ಎಲ್ಲ ಸೇರಿಸಿ ಮೂರೋ ನಾಲ್ಕೋ ಕಿಲೋ ಬಟ್ಟೆ ಹಾಕಿ ಒಂದೇ ಬಟನ್ ಒತ್ತುತ್ತಿದ್ದರು.

ನೀರು ಕಾಯಿಸುವ ಲೆಕ್ಕ ಬಹಳ ಸರಳ. ಒಂದು ಯೂನಿಟ್ ಕರೆಂಟ್ 860 ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುತ್ತದೆ. ಇಷ್ಟು ನೆನಪಿಟ್ಟರೆ ಸಾಕು. ಈ ಮಷಿನ್ ಒಗೆಯುವ ಹಂತದಲ್ಲಿ ಸುಮಾರು 14 ಲೀಟರ್ ನೀರು ತಗೊಳ್ಳುತ್ತದೆ. ಡಿಸೆಂಬರ್ ಬೆಳಿಗ್ಗೆ ಮಾಳಿಗೆ ಟ್ಯಾಂಕಿನ ನೀರು 20 ಡಿಗ್ರಿ ಇರುತ್ತದೆ ಅಂದುಕೊಳ್ಳಿ. ಅದನ್ನು 60ಕ್ಕೆ ಏರಿಸಬೇಕು, ಅಂದರೆ 40 ಡಿಗ್ರಿ. 14ನ್ನು 40ರಿಂದ ಗುಣಿಸಿದರೆ 560. ಅದನ್ನು 860ರಿಂದ ಭಾಗಿಸಿದರೆ 0.65 ಯೂನಿಟ್. ಬಟ್ಟೆಯೂ ಸ್ಟೀಲ್ ಡ್ರಮ್ಮೂ ಬಿಸಿಯಾಗಬೇಕು, ಸ್ವಲ್ಪ ಶಾಖ ಹೊರಗೆ ಹೋಗುತ್ತದೆ. ಅದಕ್ಕೆ 0.15 ಹಿಡಿಯಿರಿ. ಮೋಟಾರ್‌ಗೆ ಇನ್ನೊಂದು 0.15. ಒಟ್ಟು 0.95.

ಒಗೆತ ಮುಗಿದ ಮೇಲೆ ಮೀಟರ್ ರೀಡಿಂಗ್ ನೋಡಿದೆವು. ಒಂದು ಯೂನಿಟ್‌ಗೆ ಸ್ವಲ್ಪವೇ ಕಡಿಮೆ ಏರಿತ್ತು. ಲೆಕ್ಕ ಹೊಂದಿತು.

ಲೇಬಲ್ ಹೇಳಿದ್ದು 8 ಕಿಲೋಗೆ 0.48, ಅದು ನೀರನ್ನು 60 ಡಿಗ್ರಿಗೆ ಕಾಯಿಸಿದ ಲೆಕ್ಕವಲ್ಲ. ವೈನಿ ಖರ್ಚು ಮಾಡುತ್ತಿದ್ದದ್ದು 4 ಕಿಲೋಗೆ 0.95. ಕಿಲೋ ಲೆಕ್ಕದಲ್ಲಿ ನಾಲ್ಕು ಪಟ್ಟು. ಅರ್ಧ ಬಟ್ಟೆ ಹಾಕಿದರೆ ಅರ್ಧ ಕರೆಂಟ್ ಆಗುತ್ತದೆ ಅಂತ ಎಲ್ಲರೂ ತಿಳಿಯುತ್ತಾರೆ. ಹಾಗಾಗುವುದಿಲ್ಲ. ಮಷಿನ್ ಬಟ್ಟೆಯ ತೂಕ ನೋಡಿ ನೀರು ಸ್ವಲ್ಪ ಇಳಿಸುತ್ತದೆ, ಅರ್ಧಕ್ಕೆ ಇಳಿಸುವುದಿಲ್ಲ. ಡ್ರಮ್ಮಿನ ತಳದಲ್ಲಿ ಹೀಟರ್ ಮುಳುಗುವಷ್ಟು ನೀರು ಹೇಗಿದ್ದರೂ ಬೇಕೇ ಬೇಕು.

ಮಧ್ಯಾಹ್ನ ತಣ್ಣೀರಿಗೆ ಇಟ್ಟು ಅದೇ ಮಷಿನ್, ಅಷ್ಟೇ ಬಟ್ಟೆ ಓಡಿಸಿದೆವು. 0.18 ಯೂನಿಟ್. ಒಂದು ಬಟನ್ ಒತ್ತಿದ್ದಕ್ಕೆ ಖರ್ಚು ಐದರಲ್ಲಿ ಒಂದು ಭಾಗಕ್ಕೆ ಇಳಿಯಿತು. ಮೂರು ಸ್ಟಾರಿನ ಮಷಿನ್ ಬಿಟ್ಟು ಐದು ಸ್ಟಾರಿನದು ತಂದರೂ ಇಷ್ಟು ಇಳಿಯುವುದಿಲ್ಲ.

ವೇಳೆಯ ಬಗ್ಗೆ ಒಂದು ಮಾತು. ವೈನಿಗೆ ಎರಡೂವರೆ ಮೂರು ತಾಸು ಓಡುವ ಇಕೋ ಒಗೆತ ಕಂಡರೆ ಹೆದರಿಕೆ. ಅಷ್ಟು ಹೊತ್ತು ಓಡಿದರೆ ಅಷ್ಟು ಕರೆಂಟ್ ಅಂತ. ಡ್ರಮ್ ಒಂದು ತಾಸು ಜಾಸ್ತಿ ತಿರುಗಿದರೆ 0.1 ಅಥವಾ 0.15 ಯೂನಿಟ್ ಹೋಗುತ್ತದೆ. ಹೀಟರ್ ಹತ್ತು ನಿಮಿಷ ಹತ್ತಿದರೆ 0.35 ಹೋಗುತ್ತದೆ. ಇಕೋದಲ್ಲಿ ಮಷಿನ್ ನೀರನ್ನು ಕಡಿಮೆ ಕಾಯಿಸಿ, ಬಟ್ಟೆಯನ್ನು ಜಾಸ್ತಿ ಹೊತ್ತು ನೆನೆಸಿ ತಿರುಗಿಸುತ್ತದೆ. ಗಡಿಯಾರ ನೋಡಿ ಖರ್ಚು ಅಳೆಯಬಾರದು. ಮೀಟರ್ ದೀಪ ನೋಡಿ ಅಳೆಯಬೇಕು.

ನಮ್ಮ ಊರುಗಳ ಬಿಸಿಲಿಗೂ ಇದರಲ್ಲಿ ಪಾಲಿದೆ. ಮೇ ತಿಂಗಳಲ್ಲಿ ವಿಜಯಪುರದ ಮಾಳಿಗೆ ಟ್ಯಾಂಕಿನ ನೀರು ಮಧ್ಯಾಹ್ನ ಕೈಗೆ ಬಿಸಿ ಹತ್ತುತ್ತದೆ. 34 ಡಿಗ್ರಿ ಅಂದರೂ ಕಡಿಮೆಯೇ. ಆಗ 40 ಡಿಗ್ರಿ ಒಗೆತಕ್ಕೆ ಹೀಟರ್ ಏರಿಸಬೇಕಾದದ್ದು ಆರೇ ಡಿಗ್ರಿ. ಸುಮಾರು 0.1 ಯೂನಿಟ್. ಅದೇ 40 ಡಿಗ್ರಿ ಒಗೆತಕ್ಕೆ ಡಿಸೆಂಬರ್ ಬೆಳಿಗ್ಗೆ ನೀರಿಗಷ್ಟೇ 0.33 ಬೇಕು. ಬೆಳಗಾವಿಯ ತಂಪಿಗೆ ಇನ್ನೂ ಸ್ವಲ್ಪ ಜಾಸ್ತಿ. ಒಂದೇ ಮಷಿನ್, ಒಂದೇ ಬಟನ್, ಆದರೆ ತಿಂಗಳು ಬದಲಾದರೆ ಖರ್ಚು ಬದಲಾಗುತ್ತದೆ. ಚಳಿಗಾಲದಲ್ಲೂ ಬೆಳಿಗ್ಗೆ ಆರಕ್ಕೆ ಒಗೆಯುವ ಬದಲು ಮಧ್ಯಾಹ್ನ ಮೂರಕ್ಕೆ ಒಗೆದರೆ ಟ್ಯಾಂಕಿನ ನೀರು ನಾಲ್ಕೈದು ಡಿಗ್ರಿ ಮೇಲೇ ಇರುತ್ತದೆ.

ಈಗ ಬಿಲ್ಲು. ಹೆಸ್ಕಾಂ ವ್ಯಾಪ್ತಿಯಲ್ಲಿ ಮನೆಗಳಿಗೆ ಮೊದಲಿನಂತೆ ಸ್ಲ್ಯಾಬ್ ಇಲ್ಲ, ಎಲ್ಲ ಯೂನಿಟ್‌ಗೂ ಒಂದೇ ದರ. ಯೂನಿಟ್ ದರ, ಅದರ ಮೇಲಿನ ಸರ್ಚಾರ್ಜ್, ಶೇ 9ರ ತೆರಿಗೆ ಎಲ್ಲ ಸೇರಿಸಿ ನಾನು ಯೂನಿಟ್‌ಗೆ 7 ರೂಪಾಯಿ ಹಿಡಿದು ಲೆಕ್ಕ ಹಾಕುತ್ತೇನೆ. ಹಾಗೆ ನೋಡಿದರೆ ವೈನಿಯ ದಿನಕ್ಕೊಂದು ಬಿಸಿನೀರಿನ ಒಗೆತಕ್ಕೆ ತಿಂಗಳಿಗೆ 29 ಯೂನಿಟ್, 200 ರೂಪಾಯಿ. ಹಾಗಿದ್ದರೆ 1,700 ಎಲ್ಲಿಂದ ಬಂತು?

ಗೃಹಜ್ಯೋತಿಯಿಂದ. ಅದರ ನಿಯಮವನ್ನು ಒಮ್ಮೆ ಸರಿಯಾಗಿ ಓದಿಕೊಳ್ಳಬೇಕು. 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಂತ ಜನ ತಿಳಿದಿದ್ದಾರೆ. ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಶೇ 10 ಸೇರಿಸಿದರೆ ಬರುವುದು ನಿಮ್ಮ ಪಾಲು, ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಸೇರಿಸುತ್ತಾರೆ. ಅಷ್ಟರೊಳಗಿದ್ದರೆ ಬಿಲ್ಲು ಸೊನ್ನೆ. ಅದನ್ನು ದಾಟಿ 200ರೊಳಗಿದ್ದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲನ್ನು ನೀವೇ ಕಟ್ಟಬೇಕು.

ಅಣ್ಣನ ಮನೆಯ ಆ ವರ್ಷದ ಸರಾಸರಿ 142. ಶೇ 10 ಸೇರಿ 156. ಹೋದ ವರ್ಷ ಡಿಸೆಂಬರ್‌ನಲ್ಲಿ ಗೀಸರ್ ಓಡಿದ್ದರಿಂದ 182 ಆಗಿತ್ತು. ದಾಟಿದ 26 ಯೂನಿಟ್‌ಗೆ 180 ರೂಪಾಯಿ ಕಟ್ಟಿದ್ದರು. ಈ ಡಿಸೆಂಬರ್‌ನಲ್ಲಿ ಹಳೆ ಸೆಮಿ ಆಟೋಮ್ಯಾಟಿಕ್ ತಿನ್ನುತ್ತಿದ್ದ 5 ಯೂನಿಟ್ ಹೋಯಿತು. ನೀರೆತ್ತುವ ಖರ್ಚಿನಲ್ಲಿ 3 ಯೂನಿಟ್ ಇಳಿಯಿತು. ಹೊಸ ಮಷಿನ್‌ನದು 29 ಸೇರಿತು. 182ಕ್ಕೆ 21 ಕೂಡಿದರೆ 203. ಮೂರೇ ಯೂನಿಟ್ ಗೆರೆ ದಾಟಿತು. 203ಕ್ಕೂ ದುಡ್ಡು, ಮೇಲೆ ನಿಗದಿತ ಶುಲ್ಕ. ಹೀಗೆ 1,700.

ಅಂದರೆ ಗೆರೆಯ ಅಂಚಿನಲ್ಲಿರುವ ಮನೆಗೆ ಒಂದು ಬಿಸಿನೀರಿನ ಒಗೆತದ ಬೆಲೆ 7 ರೂಪಾಯಿ ಅಲ್ಲ. ಕೊನೆಯ ನಾಲ್ಕು ಒಗೆತಗಳ ಬೆಲೆ ಸುಮಾರು ಹದಿನಾಲ್ಕು ನೂರು. ಅದೇ 110 ಯೂನಿಟ್ ಬಳಸುವ, 156ರ ಪಾಲಿರುವ ಮನೆಯಲ್ಲಿ ಇದೇ 29 ಯೂನಿಟ್‌ನ ಬೆಲೆ ಸೊನ್ನೆ. ಅವರಿಗೆ ಐದು ಸ್ಟಾರ್ ಇದ್ದರೂ ಅಷ್ಟೇ, ಮೂರು ಸ್ಟಾರ್ ಇದ್ದರೂ ಅಷ್ಟೇ. ಹೊಸದಾಗಿ ಮನೆ ಮಾಡಿ ಹಳೆ ಲೆಕ್ಕವಿಲ್ಲದವರಿಗೆ 53ರ ಸರಾಸರಿ ಹಿಡಿದು 58 ಯೂನಿಟ್ ಕೊಡುತ್ತಾರೆ. ಅಂಥವರಿಗೆ ಮಷಿನ್‌ನ ಪ್ರತಿ ಯೂನಿಟ್ಟೂ ಜೇಬಿನಿಂದಲೇ ಹೋಗುತ್ತದೆ. ಮಷಿನ್ ಕೊಳ್ಳುವ ಮುನ್ನ ಲೇಬಲ್‌ಗಿಂತ ಮೊದಲು ಹಳೆ ಬಿಲ್ಲು ತೆಗೆದು ನಿಮ್ಮ ಪಾಲು ಎಷ್ಟು, ಬಳಕೆ ಎಷ್ಟು ಅಂತ ನೋಡಿ. ಚಳಿಗಾಲದ ಬಿಲ್ಲು ನೋಡಿ, ಮಳೆಗಾಲದ್ದಲ್ಲ.

ಮೇಲೆ ನೀರೆತ್ತುವ ಖರ್ಚು ಅಂದೆ. ನನಗೆ ಈ ಎರಡು ದಿನಗಳಲ್ಲಿ ಹೊಸದಾಗಿ ಕಂಡದ್ದು ಇದು. ಹದಿನೈದು ವರ್ಷ ಮಷಿನ್ ಬಿಚ್ಚಿ ಕೂಡಿಸಿದರೂ ಇದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಣ್ಣನ ಮನೆಗೆ ನಗರದ ನಳದ ನೀರು ದಿನಾ ಬರುವುದಿಲ್ಲ. ಅದನ್ನು ಕುಡಿಯಲು, ಅಡಿಗೆಗೆ ಇಟ್ಟುಕೊಳ್ಳುತ್ತಾರೆ. ಬಟ್ಟೆ, ಪಾತ್ರೆ, ಸ್ನಾನಕ್ಕೆಲ್ಲ ಬೋರಿನ ನೀರು. 350 ಅಡಿ ಬೋರು, ಒಂದೂವರೆ ಎಚ್‌ಪಿ ಮೋಟಾರ್, ಅದೂ ಮನೆ ಮೀಟರ್‌ಗೇ ಸೇರಿದೆ. ಆ ಮೋಟಾರ್ ಚಾಲು ಮಾಡಿ ದೀಪ ಎಣಿಸಿದೆವು. ನಿಮಿಷಕ್ಕೆ 85, ಅಂದರೆ 1,600 ವಾಟ್. ಸಾವಿರ ಲೀಟರ್ ಟ್ಯಾಂಕ್ ತುಂಬಲು 45 ನಿಮಿಷ. ಸಾವಿರ ಲೀಟರ್‌ಗೆ 1.2 ಯೂನಿಟ್ ಆಯಿತು.

ಈಗ ಹಳೆ ಸೆಮಿ ಆಟೋಮ್ಯಾಟಿಕ್ ನೋಡಿ. ಅದರ ಮೋಟಾರ್ ಒಂದು ಒಗೆತಕ್ಕೆ 0.15 ಯೂನಿಟ್ ತಿನ್ನುತ್ತಿತ್ತು. ಆದರೆ ಒಗೆದು, ಎರಡು ಮೂರು ಸಲ ಜಾಲಿಸಿದರೆ 140 ಲೀಟರ್ ನೀರು ಬೇಕಾಗುತ್ತಿತ್ತು. ಅಷ್ಟು ನೀರನ್ನು ಬೋರಿನಿಂದ ಎತ್ತಲು 0.17 ಯೂನಿಟ್. ಮಷಿನ್ ತಿಂದದ್ದಕ್ಕಿಂತ ಅದಕ್ಕೆ ಬೇಕಾದ ನೀರೇ ಜಾಸ್ತಿ ತಿಂದಿತ್ತು. ಒಟ್ಟು 0.32. ಹೊಸ ಫ್ರಂಟ್ ಲೋಡ್ 60 ಲೀಟರ್‌ನಲ್ಲಿ ಮುಗಿಸುತ್ತದೆ. ನೀರಿಗೆ 0.07, ತಣ್ಣೀರಿನ ಒಗೆತಕ್ಕೆ 0.18, ಒಟ್ಟು 0.25.

ಹೀಗೆ ನೋಡಿದರೆ ಅಂಗಡಿಯವರು ಹೇಳಿದ್ದು ಸುಳ್ಳೂ ಅಲ್ಲ. ಬೋರಿನ ಮನೆಯಲ್ಲಿ, ತಣ್ಣೀರಿನಲ್ಲಿ ಒಗೆದರೆ ಹೊಸ ಮಷಿನ್ ಹಳೆಯದಕ್ಕಿಂತ ಕಡಿಮೆ ತಿನ್ನುತ್ತದೆ. ಬಿಸಿನೀರಿನಲ್ಲಿ ಒಗೆದರೆ ಮೂರು ಪಟ್ಟು ಜಾಸ್ತಿ ತಿನ್ನುತ್ತದೆ. ನೆಲಮಟ್ಟದ ಸಂಪಿನಿಂದ ಮಾಳಿಗೆಗೆ ಏರಿಸುವ ಸಣ್ಣ ಪಂಪ್ ಇರುವ ಮನೆಗಳಲ್ಲಿ ಈ ನೀರಿನ ಲೆಕ್ಕ ಬಿಟ್ಟುಬಿಡಬಹುದು, 140 ಲೀಟರ್‌ಗೆ 0.03 ಯೂನಿಟ್ ಕೂಡ ಆಗುವುದಿಲ್ಲ. ಬೋರು ಆಳವಿದ್ದಷ್ಟೂ ಲೇಬಲ್‌ನ ಆ ಎರಡನೇ ಸಂಖ್ಯೆ, ಕಿಲೋಗೆ ಎಷ್ಟು ಲೀಟರ್ ಎಂಬುದು, ನಿಮ್ಮ ಕರೆಂಟ್ ಬಿಲ್ಲಿನ ಸಂಖ್ಯೆಯೇ ಆಗುತ್ತದೆ.

ಇದರಿಂದಲೇ ಸ್ಟಾರಿಗೆ ಎಷ್ಟು ದುಡ್ಡು ಜಾಸ್ತಿ ಕೊಡಬಹುದು ಎಂಬುದೂ ತಿಳಿಯುತ್ತದೆ. ಹೀಟರ್ ಇಲ್ಲದ ಟಾಪ್ ಲೋಡ್ ತಗೊಳ್ಳಿ. ಐದು ಸ್ಟಾರಿನದು ಒಂದು ಒಗೆತಕ್ಕೆ 0.10 ಯೂನಿಟ್, ಕಡಿಮೆ ಸ್ಟಾರಿನದು 0.13 ತಿನ್ನುತ್ತದೆ ಅಂದುಕೊಳ್ಳಿ. ತಿಂಗಳಿಗೆ 20 ಒಗೆತಕ್ಕೆ ಫರಕು 0.6 ಯೂನಿಟ್, ನಾಲ್ಕು ರೂಪಾಯಿ. ವರ್ಷಕ್ಕೆ 50. ಆ ಸ್ಟಾರಿಗೆ 2,000 ರೂಪಾಯಿ ಜಾಸ್ತಿ ಕೊಟ್ಟರೆ ಅದು ವಾಪಸ್ ಬರಲು 40 ವರ್ಷ ಬೇಕು. ಮಷಿನ್ ಅಷ್ಟು ವರ್ಷ ಬಾಳುವುದಿಲ್ಲ. ಟಾಪ್ ಲೋಡ್‌ನಲ್ಲಿ ನಾನು ಸ್ಟಾರ್ ನೋಡುವುದಿಲ್ಲ, ಲೀಟರ್ ನೋಡುತ್ತೇನೆ. ಫ್ರಂಟ್ ಲೋಡ್‌ನಲ್ಲಿ, ಬಿಸಿನೀರಿನಲ್ಲೇ ಒಗೆಯಬೇಕಾದ ಮನೆಯಲ್ಲಿ, ಸ್ಟಾರಿಗೆ ಸ್ವಲ್ಪ ಅರ್ಥವಿದೆ. ಕಿಲೋಗೆ 0.015ರ ಫರಕಿದ್ದರೆ 8 ಕಿಲೋಗೆ 0.12, ತಿಂಗಳಿಗೆ 20 ಒಗೆತಕ್ಕೆ ಎರಡೂವರೆ ಯೂನಿಟ್, ವರ್ಷಕ್ಕೆ 200 ರೂಪಾಯಿ.

ಡ್ರೈಯರ್ ಇರುವ ಮಷಿನ್ ಬಗ್ಗೆ ಬೆಳಗಾವಿಯ ಗಿರಾಕಿಗಳು ಕೇಳುತ್ತಾರೆ, ಅಲ್ಲಿ ಮಳೆ ಹಿಡಿದರೆ ಬಟ್ಟೆ ಒಣಗುವುದೇ ಇಲ್ಲ. 4 ಕಿಲೋ ಬಟ್ಟೆ ಹಿಂಡಿದ ಮೇಲೂ ಎರಡು ಲೀಟರ್‌ಗಿಂತ ಜಾಸ್ತಿ ನೀರು ಅದರಲ್ಲೇ ಉಳಿದಿರುತ್ತದೆ. ಅದನ್ನು ಆವಿ ಮಾಡಲು ಎರಡು ಯೂನಿಟ್ ಹತ್ತಿರ ಬೇಕು. ಒಗೆಯುವ ಖರ್ಚಿಗೆ ಇದು ಹತ್ತು ಪಟ್ಟು. ಬೇಕೇ ಬೇಕಿದ್ದರೆ ಹಿಂಡುವ ವೇಗ ಜಾಸ್ತಿ ಇಟ್ಟು, ಫ್ಯಾನಿನ ಕೆಳಗೆ ಒಂದು ರಾತ್ರಿ ಹಾಕಿ, ಉಳಿದ ತೇವಕ್ಕಷ್ಟೇ ಡ್ರೈಯರ್ ಓಡಿಸಿ. ವಿಜಯಪುರದವರಿಗೆ ಬಿಸಿಲಿದೆ, ಡ್ರೈಯರ್ ಬೇಕಿಲ್ಲ.

ಇಸ್ತ್ರಿ ಪೆಟ್ಟಿಗೆಯನ್ನು ಎಲ್ಲರೂ ಮರೆಯುತ್ತಾರೆ. 1,000 ವಾಟ್ ಇಸ್ತ್ರಿ ಕಾದ ಮೇಲೆ ಅರ್ಧ ಹೊತ್ತು ತಾನೇ ಬಂದ್ ಆಗಿರುತ್ತದೆ. ಹಾಗಾಗಿ ದಿನಾ ಅರ್ಧ ತಾಸಿಗೆ ಕಾಲು ಯೂನಿಟ್ ಹಿಡಿಯಬಹುದು. ತಿಂಗಳಿಗೆ ಏಳೂವರೆ. ತಣ್ಣೀರಿನಲ್ಲಿ ಒಗೆಯುವ ಮನೆಯಲ್ಲಿ ಇಸ್ತ್ರಿ ಮಷಿನ್‌ಗಿಂತ ಜಾಸ್ತಿ ತಿನ್ನುತ್ತದೆ.

ಹಾಗಾದರೆ ಬಿಸಿನೀರು ಬೇಡವೇ ಬೇಡವೇ? ಅವ್ವ ಇದನ್ನೇ ಕೇಳಿದಳು. "ತಣ್ಣೀರಾಗ ಎಣ್ಣಿ ಜಿಡ್ಡ ಹೋಗ್ತದೇನೋ?" ಅವ್ವನ ಮಾತು ಸರಿ. ಎಣ್ಣೆ ಹಚ್ಚಿದ ತಲೆದಿಂಬಿನ ಚೀಲ, ಅಡಿಗೆ ಮನೆ ಅರಿವೆ, ಜ್ವರ ಬಂದವರ ಹಾಸಿಗೆ, ಕೂಸಿನ ಬಟ್ಟೆ, ಇವಕ್ಕೆ ಬಿಸಿನೀರು ಬೇಕು. ದಿನದ ಬೆವರು, ಧೂಳಿಗೆ ಬೇಡ. ಮೇಲಾಗಿ ನಮ್ಮ ಬೋರುಗಳದು ಸವಳು ನೀರು. ಅದರಲ್ಲಿ ಸೋಪು ನೊರೆ ಕಟ್ಟುವುದಿಲ್ಲ, ಬಟ್ಟೆ ಬಿರುಸಾಗುತ್ತದೆ. ಆಗ ಜನ ನೀರು ಇನ್ನೂ ಬಿಸಿ ಮಾಡಿ ನೋಡುತ್ತಾರೆ. ಸವಳಿಗೆ ಬಿಸಿ ಮದ್ದಲ್ಲ. ಬಿಸಿ ಮಾಡಿದಷ್ಟೂ ಸುಣ್ಣ ಜಾಸ್ತಿ ಬಿಡುತ್ತದೆ, ಅದು ಹೀಟರ್ ಮೇಲೆ ಬಿಳಿ ಪದರ ಕಟ್ಟುತ್ತದೆ.

ಆ ಪದರದಿಂದ ಬಿಲ್ಲು ಬಹಳ ಏರುತ್ತದೆ ಅಂತ ಹೇಳುವವರಿದ್ದಾರೆ. ನನ್ನ ಅನುಭವದಲ್ಲಿ ಹಾಗಿಲ್ಲ. ಹೀಟರ್ ನೀರಿನಲ್ಲೇ ಮುಳುಗಿರುತ್ತದೆ, ಅದರ ಶಾಖ ಬೇರೆಲ್ಲೂ ಹೋಗುವಂತಿಲ್ಲ, ತಡವಾಗಿಯಾದರೂ ನೀರಿಗೇ ಸೇರುತ್ತದೆ. ಆದರೆ ಸುಣ್ಣದ ಹೊದಿಕೆಯೊಳಗೆ ಹೀಟರ್ ತಾನೇ ಅತಿಯಾಗಿ ಕಾದು ಸುಟ್ಟುಹೋಗುತ್ತದೆ. ಬಾಗಲಕೋಟೆಯ ಬೋರಿನ ಮನೆಗಳಲ್ಲಿ ನಾನು ಬಿಚ್ಚಿದ ಹೀಟರ್‌ಗಳು ಸುಣ್ಣದ ಕಲ್ಲು ಸುತ್ತಿದಂತೆ ಇರುತ್ತವೆ. ಅಲ್ಲಿ ಖರ್ಚು ಕರೆಂಟಿನದಲ್ಲ, ಹೊಸ ಹೀಟರಿನದು. ಎರಡು ಮೂರು ತಿಂಗಳಿಗೊಮ್ಮೆ ಖಾಲಿ ಮಷಿನ್‌ಗೆ ಸಿಟ್ರಿಕ್ ಆಸಿಡ್ ಪುಡಿ ಹಾಕಿ 60ಕ್ಕೆ ಓಡಿಸಿದರೆ ಸುಣ್ಣ ಕರಗುತ್ತದೆ.

ತಣ್ಣೀರಿಗೂ ಒಂದು ತೊಂದರೆ ಇದೆ. ಪುಡಿ ಸೋಪು ಪೂರ್ತಿ ಕರಗದೆ ಡಬ್ಬಿಯಲ್ಲೇ ಗಂಟಾಗುತ್ತದೆ, ಕಪ್ಪು ಬಟ್ಟೆ ಮೇಲೆ ಬಿಳಿ ಕಲೆ ಬೀಳುತ್ತದೆ. ಅದಕ್ಕೆ ದ್ರವ ಸೋಪು ಒಳ್ಳೆಯದು. ಬರೀ ತಣ್ಣೀರಿನಲ್ಲೇ ತಿಂಗಳಾನುಗಟ್ಟಲೆ ಒಗೆದರೆ ಬಾಗಿಲಿನ ರಬ್ಬರ್‌ನಲ್ಲಿ ಕಪ್ಪು ಬೂಜು ಬಂದು ವಾಸನೆ ಹೊಡೆಯುತ್ತದೆ. ತಿಂಗಳಿಗೊಂದು ಸಲವಾದರೂ 60 ಡಿಗ್ರಿಯ ಒಗೆತ ಮಷಿನ್‌ನ ಆರೋಗ್ಯಕ್ಕೇ ಬೇಕು. ಒಂದು ಯೂನಿಟ್ ಹೋಗಲಿ ಬಿಡಿ.

ಹೊರಡುವ ಮುನ್ನ ವೈನಿ ಜೊತೆ ಕೂತು ಒಂದು ಕ್ರಮ ಹಾಕಿಕೊಂಡೆವು. ದಿನಾ ಅರ್ಧ ಮಷಿನ್ ಬದಲು ಬುಟ್ಟಿ ತುಂಬಿದಾಗ ಒಗೆಯುವುದು. ತಿಂಗಳಿಗೆ 18 ಒಗೆತ ಸಾಕಾಗುತ್ತದೆ. ಅದರಲ್ಲಿ 13 ತಣ್ಣೀರಿನಲ್ಲಿ, ಎರಡೂವರೆ ಯೂನಿಟ್. ಅವ್ವನ ಹಾಸಿಗೆ, ಟಾವೆಲ್ಲು, ಅಡಿಗೆ ಅರಿವೆ ಸೇರಿ 5 ಒಗೆತ 60 ಡಿಗ್ರಿಯಲ್ಲಿ. ತುಂಬಿದ ಮಷಿನ್ ಆದ್ದರಿಂದ ಒಂದಕ್ಕೆ ಒಂದು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ, ಒಟ್ಟು ಐದೂಕಾಲು. ಎರಡೂ ಕೂಡಿ 8 ಯೂನಿಟ್ ಒಳಗೆ. 29 ಇದ್ದದ್ದು 8.

ಜನವರಿ ಬಿಲ್ಲು ಬಂದಾಗ ವೈನಿ ಫೋಟೋ ಕಳಿಸಿದರು. 180 ಯೂನಿಟ್. ಪಾಲು 156, ದಾಟಿದ್ದು 24, ಕಟ್ಟಿದ್ದು 170 ರೂಪಾಯಿ. ಕೆಳಗೆ ಒಂದು ಸಾಲು ಬರೆದಿದ್ದರು: "ಮಷಿನ್ ಎಂಟ ತಿಂತದ ಅಂದ್ರ ಉಳದ ಇಪ್ಪತ್ನಾಕು ಯಾರ ತಿಂದ್ರು?" ಗೀಸರ್ ಚಾಲು ಮಾಡಿ ಮೀಟರ್ ಮುಂದೆ ಕೂತುಕೊಳ್ಳಲು ಹೇಳಿದ್ದೇನೆ. ಅಣ್ಣನ ಮಗ ಈ ಭಾನುವಾರ ಎಣಿಸುತ್ತಾನೆ.